ಬೆನ್ನಿಲ್ಲದ ಸೀರಿ

ಗಜೇಂದ್ರಗಡದ ಚಾದಂಗಡ್ಯಾಗ ಸಂಜಿಮುಂದ ಕುಂತಿದ್ವಿ. ಈರಪ್ಪ ಕಾಕಾನ ಮುಂದಿನ ಮಿರ್ಚಿ ಆರಾಕತ್ತಿತ್ತು, ಕಣ್ಣು ಫೋನಿನ್ಯಾಗ. ವಯಸ್ಸೆಲ್ಲಾ ಕುಣಿಮಗ್ಗದಾಗ ಕಾಲು ಇಳಿಬಿಟ್ಟು ಪಟ್ಟೇದಂಚಿನ ಸೀರಿ ನೇದ ಮನಶ್ಯಾ. ಮೊಮ್ಮಗಳು ವಾಟ್ಸಾಪ್ ಬಿಸಿನೆಸ್ ಮಾಡಿಕೊಟ್ಟಾಗಿಂದ ಲಾಳಿಗಿಂತ ಹೆಚ್ಚು ಅದನ್ನ ಆಡಸ್ತಾನ.

"ಫಾರಿನ್ ಗಿರಾಕಿ ಸಿಕ್ಕಾರಂತಲ್ಲ ಕಾಕಾ?" ಅಂದ ಬಸ್ಯಾ.

"ಮೆಲ್ಬರ್ನ್‌ನ ಬಾಯಾರು. ಮೊದಲ ನನ್ನ ಮ್ಯಾಲೆ ಸಂಶೇ ಪಟ್ರು."

ಆಗಿದ್ದಿಷ್ಟು. ಕಾಕಾ ಸೀರಿ ಫೋಟೋ ಹಾಕ್ಯಾನ. ಹಳದಿ ಮೈ, ಸಣ್ಣ ಚೌಕಡಿ, ಕೆಂಪಂಚು. ಅವರು ಹಿಂದಿನ ಮಗ್ಗಲದ ಫೋಟೋ ಕೇಳ್ಯಾರ. ಹೊಳ್ಳಿಸಿ ಹಾಸಿ, ತೆಗೆದು ಕಳಿಸ್ಯಾನ. "ಅದನ್ನ ಎರಡು ಸಲ ಕಳಿಸೀರಿ" ಅಂದಾರ.

"ಪಟ್ಟೇದಂಚಿಗೆ ಬೆನ್ನು ಎಲ್ಲಿಂದ ತರ್ಲಿ? ಎರಡೂ ಮಗ್ಗಲ ಒಂದ!"

ಕಡೀಕ ಮೊಮ್ಮಗಳ ಒಂದು ಮೂಲಿಗೆ ಕುಂಕುಮದ ಬೊಟ್ಟಿಟ್ಟ ದಾರ ಕಟ್ಟಿ, ಸೀರಿ ಹೊಳ್ಳಸೂದನ್ನ ವಿಡಿಯೋ ಮಾಡಿದ್ಲು. ಆವಾಗ ಬಾಯಾರಿಗೆ ಖಾತ್ರಿ ಆತು.

"ಮತ್ತ ರೊಕ್ಕಾ? ಕ್ಯೂಆರ್ ಕೋಡ್ ಕಳಿಸಿದ್ಯಾ?"

"ಕಳಿಸಿದ್ದೆ. ಅಲ್ಲಿಂದ ಅವರಿಗೆ ಅದು ನಡೀಲಿಲ್ಲ. ಐಎಫ್ಎಸ್‌ಸಿ ಕೊಟ್ಟೆ, ಅದು ನಮ್ಮ ದೇಶದೊಳಗ ಅಷ್ಟ ಅಂತ. ಸ್ವಿಫ್ಟ್ ಕೋಡ್ ಬೇಕಂತ. ನಮ್ಮ ಶಾಖೆಗೆ ಅದು ಇಲ್ಲ, ಹುಬ್ಬಳ್ಳಿಯ ದೊಡ್ಡ ಶಾಖೆದ್ದು ಬರೆಸಿಕೊಂಡು ಬಂದೆ. ರೊಕ್ಕಾ ಬಂತು, 600 ರೂಪಾಯಿ ಕಮ್ಮಿ!"

"ತಿಂದವ್ರು ಯಾರು?"

"ನಡುವಿನ ಬ್ಯಾಂಕಿನವ್ರು. ಕಳಸುವಾಗ ಖರ್ಚು ಯಾರ ತಲಿಮ್ಯಾಲೆ ಅಂತ ಮೊದಲ ಮಾತಾಡಬೇಕಿತ್ತು. ನಾ ಅಂಚೆ ಖರ್ಚಷ್ಟ ಹಿಡಿದಿದ್ದೆ."

ಮಲ್ಲಣ್ಣ ಬಾಯಿ ಹಾಕಿದ: "ಅಂಚೆ ಕಸ್ಟಮ್ಸ್ ಫಾರ್ಮಿನ್ಯಾಗ ‘ಗಿಫ್ಟ್’ ಅಂತ ಟಿಕ್ ಹೊಡದಿದ್ರ ಸುಮ್ನ ಹೋಗ್ತಿತ್ತಲ್ಲೋ."

"ಮಾರಿದ್ದಕ್ಕ ಉಡುಗೊರಿ ಅಂತ ಬರೀಲೇನು? ಒಳಗ ಬಿಲ್ ಐತಿ, ಹೊರಗ ಗಿಫ್ಟ್! ತೆಗೆದು ನೋಡಿದ್ರ ಯಾವ ಮಾರಿ ತೋರಿಸ್ಲಿ? ಪ್ಯಾನ್ ಕಾರ್ಡ್ ಹಚ್ಚಿ, 500 ರೂಪಾಯಿ ಕಟ್ಟಿ, ರಫ್ತಿನ ಐಇಸಿ ನಂಬರ್ ಮಾಡಿಸಿದೆ. ‘ಕೈಮಗ್ಗದ ಹತ್ತಿ ಸೀರಿ, ಒಂದು’ ಅಂತ ಬೆಲಿ ಸಮೇತ ಬರದೆ. ಬರೇ ‘ಬಟ್ಟಿ’ ಅಂತ ಬರೀಬ್ಯಾಡ ಅಂತ ಪೋಸ್ಟಿನ ಹುಡುಗನ ಹೇಳಿದ."

ಅಷ್ಟರಾಗ ಫೋನ್ ಟಿಣ್ ಅಂತು. ಸೀರಿ ಮುಟ್ಟೇತಿ. ಬಾಯಾರು ಸೀರಿ ಹಾಸಿ ಫೋಟೋ ಕಳಿಸ್ಯಾರ, ಕೆಳಗ ಎರಡು ಸಾಲು. ಬಸ್ಯಾ ಓದಿದ: "ಉಡುವಾಗ ಯಾವ ಮಗ್ಗಲ ಹೊರಗ ಬರಬೇಕು ಅಂತ ಕೇಳ್ಯಾರ."

ಕಾಕಾ ಹಣಿ ಬಡಕೊಂಡ. "ಒಂದಿನ ಆ ಕಡೆ, ಒಂದಿನ ಈ ಕಡೆ ಅಂತ ಬರಿಯೋ" ಅಂದ. ಬಸ್ಯಾ ಒತ್ತಾಕ ಹತ್ತಿದ ಮ್ಯಾಲೆ ಮೆಲ್ಲಕ ಗೊಣಗಿದ: "ಛೇ, ಎರಡು ಸೀರಿ ರೇಟ್ ಹೇಳಬೇಕಿತ್ತು."