ರೋಆಸ್ 3 ತೋರಿಸ್ತಿದೆ, ಆದರೂ ಖಾತೆಯಲ್ಲಿ ದುಡ್ಡು ಉಳೀತಿಲ್ಲ (ಅಪ್ಪೆಮಿಡಿ ಉಪ್ಪಿನಕಾಯಿ, ಸ್ವಂತ ಸೈಟ್)

ಮಿಡಿಮನೆ_ಸಾಗರ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ನಮ್ಮದೇ ಸೈಟಿನಲ್ಲಿ ಮಾರ್ತೇವೆ. ಅರ್ಧ ಕೇಜಿ ಗಾಜಿನ ಬಾಟ್ಲಿಗೆ 525 ರೂಪಾಯಿ. 5% ಜಿಎಸ್‌ಟಿ ಅದರಲ್ಲೇ ಸೇರಿದೆ, ಡೆಲಿವರಿಗೆ ಬೇರೆ ದುಡ್ಡು ತಗೊಳ್ಳಲ್ಲ. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಹಾಕಿದ ರೂಪಾಯಿಗೆ 3 ರೂಪಾಯಿ ಮಾರಾಟ, ಅಂದ್ರೆ ರೋಆಸ್ 3, ಅಂತ ತೋರಿಸ್ತಿದೆ. ಮಿಡಿ, ಉಪ್ಪು, ಮೆಣಸು, ಸಾಸಿವೆ, ಕೂಲಿ, ಬಾಟ್ಲಿ, ಲೇಬಲ್ ಎಲ್ಲ ಸೇರಿ ಒಂದಕ್ಕೆ 190 ಬೀಳುತ್ತೆ. ಜಾಹೀರಾತು ಜಾಸ್ತಿ ಮಾಡಿದಷ್ಟೂ ಆರ್ಡರ್ ಜಾಸ್ತಿ ಆಗ್ತಿದೆ, ಆದರೆ ಖಾತೆ ಬರಿದಾಗ್ತಿದೆ. ಸೆಟ್ಟಿಂಗಿನಲ್ಲಿ ಎಂತಾದ್ರೂ ತಪ್ಪಿದೆಯಾ?

ಶರಾವತಿ_ಡಿಜಿಟಲ್

ಸೆಟ್ಟಿಂಗ್ ಸರಿಯಾಗೇ ಇದೆ. ಅಸಲು ಹುಟ್ಟೋ ರೋಆಸ್ ಎಷ್ಟು ಅಂತ ನೋಡೋಕೆ 1ನ್ನ ಮಾರ್ಜಿನ್‌ನಿಂದ ಭಾಗಿಸಬೇಕು. ನಿಮಗೆ 525ರಲ್ಲಿ 335 ಉಳಿಯುತ್ತೆ, ಅಂದ್ರೆ ಸುಮಾರು 64%. 1ನ್ನ 0.64ರಿಂದ ಭಾಗಿಸಿದ್ರೆ 1.6 ಹತ್ತಿರ ಬರುತ್ತೆ. ನೀವು 3ರಲ್ಲಿದ್ದೀರಿ, ಧೈರ್ಯವಾಗಿ ಬಜೆಟ್ ಏರಿಸಿ. ಬೇಸಿಗೆಯಲ್ಲಿ ಇಡೀ ವರ್ಷಕ್ಕಾಗುವಷ್ಟು ಮಿಡಿ ಕೊಂಡು ಉಪ್ಪಿಗೆ ಹಾಕಿರ್ತೀರಲ್ಲ, ದುಡ್ಡು ಅಲ್ಲಿ ಸಿಕ್ಕಿಕೊಂಡಿದೆ ಅಷ್ಟೆ.

ಲೆಕ್ಕದಕ್ಕ_ಶಿವಮೊಗ್ಗ

ಬಜೆಟ್ ಏರಿಸಬೇಡಿ, ಸ್ವಲ್ಪ ತಡೀರಿ. ಸಾಗರದವರೇ, ನೂರು ಆರ್ಡರಿನಲ್ಲಿ ಎಷ್ಟು ವಾಪಸ್ ಬರ್ತವೆ? ಕೊರಿಯರ್, ಪ್ಯಾಕಿಂಗ್, ಪೇಮೆಂಟ್ ಚಾರ್ಜ್ ಎಷ್ಟೆಷ್ಟು ಬೀಳುತ್ತೆ?

ಮಿಡಿಮನೆ_ಸಾಗರ

ಮೇಡಂ, ಹೆಚ್ಚಿನವರು ಕ್ಯಾಶ್ ಆನ್ ಡೆಲಿವರಿಯೇ ಕೇಳ್ತಾರೆ. ನೂರಕ್ಕೆ ಸುಮಾರು 20 ವಾಪಸ್. ಫೋನ್ ಎತ್ತಲ್ಲ, ಇಲ್ಲಾಂದ್ರೆ ಬಾಗಿಲಿಗೆ ಬಂದ ಮೇಲೆ ಬೇಡ ಅಂತಾರೆ. ಕೊರಿಯರ್ 90, ವಾಪಸ್ ಬಂದ್ರೆ ಇನ್ನೊಂದು 90. ಡಬ್ಬ, ಬಬಲ್ ರ‍್ಯಾಪ್, ಟೇಪು ಸೇರಿ 25. ಡೆಲಿವರಿ ಆಗಿದ್ದಕ್ಕೆ ಕ್ಯಾಶ್ ವಸೂಲಿ, ಪೇಮೆಂಟ್ ಚಾರ್ಜ್ ಸರಾಸರಿ 20.

ಲೆಕ್ಕದಕ್ಕ_ಶಿವಮೊಗ್ಗ

ಹಾಗಾದ್ರೆ ನೂರು ಆರ್ಡರನ್ನು ಒಂದು ಗಂಟು ಅಂತ ಇಟ್ಕೊಂಡು ನೋಡೋಣ. ಒಂದೊಂದೇ ಬಾಟ್ಲಿ ಹಿಡಿದು ಲೆಕ್ಕ ಹಾಕಿದ್ರೆ ವಾಪಸ್ ಬಂದಿದ್ದು ಕಣ್ಣಿಗೆ ಬೀಳೋದೇ ಇಲ್ಲ.

ಸೈಟಿನಲ್ಲಿ ಆರ್ಡರ್ ಬಿದ್ದ ಕ್ಷಣವೇ 525 ರೂಪಾಯಿ ಮಾರಾಟ ಅಂತ ಜಾಹೀರಾತಿನ ಖಾತೆಗೆ ಹೋಗುತ್ತೆ. ಆಮೇಲೆ ಗಿರಾಕಿ ದುಡ್ಡು ಕೊಟ್ಟನೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ಅದರ ಪ್ರಕಾರ ನಿಮ್ಮ ಮಾರಾಟ 52,500. ರೋಆಸ್ 3 ಅಂದ್ರೆ ಜಾಹೀರಾತಿನ ಖರ್ಚು 17,500.

ಕೈಗೆ ಬರೋದು 80 ಆರ್ಡರಿನ ದುಡ್ಡು ಮಾತ್ರ. ಅದರಲ್ಲೂ ಬಾಟ್ಲಿಗೆ 25 ರೂಪಾಯಿ ಜಿಎಸ್‌ಟಿ ಸರ್ಕಾರದ್ದು. 80 ಸಲ 500 ಅಂದ್ರೆ 40,000. ಇನ್ನು ಖರ್ಚು ನೋಡಿ:

```
ಮಾಲು           80 × 190 = 15,200
ಪ್ಯಾಕಿಂಗ್        100 × 25 =  2,500
ಕೊರಿಯರ್ ಹೋಗೋದು  100 × 90 =  9,000
ಕೊರಿಯರ್ ವಾಪಸ್    20 × 90 =  1,800
ವಸೂಲಿ ಚಾರ್ಜ್      80 × 20 =  1,600
ಒಟ್ಟು                    = 30,100
```

ಜಾಹೀರಾತಿಗೆ ಮೊದಲು ನಿಮ್ಮ ಹತ್ರ ಉಳಿಯೋದು 9,900. ಕೊಡ್ತಿರೋದು 17,500. ನೂರು ಆರ್ಡರಿಗೆ 7,600 ಕೈಯಿಂದ ಹೋಗ್ತಿದೆ. ಆರ್ಡರ್ ಜಾಸ್ತಿಯಾದಷ್ಟೂ ಖಾತೆ ಬರಿದಾಗೋದು ಇದಕ್ಕೇ. ವಾಪಸ್ ಬಂದ 20 ಬಾಟ್ಲಿಯೂ ಒಡೆಯದೆ ಬಂದು ಮತ್ತೆ ಮಾರಾಟ ಆಗ್ತವೆ ಅಂತ ಹಿಡಿದಿದ್ದೇನೆ. ಗಾಜು ಒಡೆದು ಎಣ್ಣೆ ಸೋರಿ ಬಂದಿದ್ದರೆ ಅದೂ ನಷ್ಟಕ್ಕೇ.

ಶರಾವತಿಯವರ ಸೂತ್ರ ಸರಿ, ಅದರಲ್ಲಿ ಹಾಕಿದ ಮಾರ್ಜಿನ್ ಸರಿಯಿಲ್ಲ. 64% ಅನ್ನೋದು ಉಪ್ಪಿನಕಾಯಿ ನಿಮ್ಮ ಅಡುಗೆಮನೆ ಬಾಗಿಲು ದಾಟೋವರೆಗಿನ ಲೆಕ್ಕ. ಜಾಹೀರಾತು ತೋರಿಸೋ 52,500ರಲ್ಲಿ ನಿಜವಾಗಿ ಉಳಿಯೋದು 9,900, ಅಂದ್ರೆ ಸುಮಾರು 19%. ಅದರಿಂದ ಭಾಗಿಸಿದ್ರೆ ಅಸಲು ಹುಟ್ಟೋಕೇ ರೋಆಸ್ 5.3 ಬೇಕು. ಒಂದೂ ವಾಪಸ್ ಬರದಿದ್ದರೂ ಉಳಿಯೋದು ಸರಿಯಾಗಿ 17,500. ಆಗಲೂ 3ಕ್ಕೆ ಅಲ್ಲಿಂದಲ್ಲಿಗೆ ಆಗುತ್ತೆ, ಮನೆಯವರ ದುಡಿಮೆಗೆ ಏನೂ ಬರಲ್ಲ.

ಇನ್ನೊಂದು ವಿಷಯ. ಜಾಹೀರಾತಿನ ಪರದೆಯಲ್ಲಿ ಕಾಣೋ ಖರ್ಚಿನ ಮೇಲೆ 18% ಜಿಎಸ್‌ಟಿ ಬೇರೆ ಬೀಳುತ್ತೆ. ನಿಮ್ಮ ಜಿಎಸ್‌ಟಿ ನಂಬರ್ ಆ ಖಾತೆಯಲ್ಲಿ ಹಾಕಿದ್ದೀರಾ ನೋಡಿ. ಹಾಕದಿದ್ರೆ ಕ್ರೆಡಿಟ್ ಸಿಗಲ್ಲ, ನಷ್ಟ ಇನ್ನೂ ಹೆಚ್ಚು.

ಶರಾವತಿ_ಡಿಜಿಟಲ್

ಕೊರಿಯರ್ ಇಷ್ಟು ತಿನ್ನುತ್ತೆ ಅಂತ ಅಂದ್ಕೊಂಡಿರಲಿಲ್ಲ ಮೇಡಂ, ಒಪ್ಪಿದೆ. ಆದರೆ ಉಪ್ಪಿನಕಾಯಿ ತಿಂದವರು ಮತ್ತೆ ತಗೊಳ್ತಾರೆ. ಎರಡನೇ ಸಲ ಜಾಹೀರಾತಿನ ಖರ್ಚಿಲ್ಲ. ಮೊದಲ ಆರ್ಡರಿನ ನಷ್ಟ ಅಲ್ಲಿ ತುಂಬುತ್ತಲ್ವಾ?

ಹೋಂಸ್ಟೇ_ಆಗುಂಬೆ

ನಮ್ಮ ಹೋಂಸ್ಟೇಗೆ ರೋಆಸ್ 3 ಬಂದ್ರೆ ಸಾಕು, ಚೆನ್ನಾಗೇ ಉಳಿಯುತ್ತೆ. ಮಳೆಗಾಲದಲ್ಲಿ 2.5 ಬಂದ್ರೂ ಜಾಹೀರಾತು ನಿಲ್ಲಿಸಲ್ಲ. ನೀವೂ ಸ್ವಲ್ಪ ತಾಳ್ಮೆ ಇಟ್ಕೊಳ್ಳಿ.

ಲೆಕ್ಕದಕ್ಕ_ಶಿವಮೊಗ್ಗ

ಆಗುಂಬೆಯವರೇ, ನಿಮ್ಮದು ಬೇರೆ ವ್ಯಾಪಾರ. ಖಾಲಿ ಬಿದ್ದಿರೋ ರೂಮಿಗೆ ಒಬ್ಬರು ಬಂದ್ರೆ ಹೆಚ್ಚಿಗೆ ಖರ್ಚಾಗೋದು ಊಟ, ನೀರು, ಬಟ್ಟೆ ಒಗೆಯೋದು ಅಷ್ಟೆ, ಉಳಿದಿದ್ದು ಹೆಚ್ಚೂಕಮ್ಮಿ ಪೂರ್ತಿ ನಿಮ್ಮದೇ. ಇವರಿಗೆ ಪ್ರತಿ ಆರ್ಡರಿಗೂ ಹೊಸ ಬಾಟ್ಲಿ, ಹೊಸ ಡಬ್ಬ, ಹೊಸ ಕೊರಿಯರ್ ಬಿಲ್ಲು. ನಿಮ್ಮ 3 ಇವರಿಗೆ ಅಳತೆಗೋಲಾಗಲ್ಲ.

ಶರಾವತಿಯವರೇ, ಮತ್ತೆ ತಗೊಳ್ಳೋರು ಇರ್ತಾರೆ, ಇಲ್ಲ ಅನ್ನಲ್ಲ. ಆದರೆ ಎಷ್ಟು ಜನ, ಎಷ್ಟು ತಿಂಗಳಿಗೆ ಅನ್ನೋದು ಇವರ ಆರ್ಡರ್ ಪಟ್ಟಿಯಲ್ಲೇ ಇರುತ್ತೆ, ಫೋನ್ ನಂಬರ್ ಮೇಲೆ ವಿಂಗಡಿಸಿದ್ರೆ ಗೊತ್ತಾಗುತ್ತೆ. ಡೆಲಿವರಿ ಆಗಿ ನಿಂತ ಒಂದು ಮರು-ಆರ್ಡರ್ 175 ಉಳಿಸುತ್ತೆ. 7,600 ತುಂಬೋಕೆ 80 ಗಿರಾಕಿಯಲ್ಲಿ 44 ಜನ ಮತ್ತೆ ಬರಬೇಕು. ಅರ್ಧ ಕೇಜಿ ಮಿಡಿ ಒಂದು ಮನೆಯಲ್ಲಿ ಎಷ್ಟು ದಿನ ಬರುತ್ತೆ ಯೋಚನೆ ಮಾಡಿ. ಅಲ್ಲೀವರೆಗೆ ನಷ್ಟ ಹೊರೋಕೆ ಕೈಯಲ್ಲಿ ದುಡ್ಡಿರಬೇಕು.

ಪಾರ್ಸೆಲ್_ತೀರ್ಥಹಳ್ಳಿ

ನಾನು ಪಾರ್ಸೆಲ್ ಬುಕಿಂಗ್ ಕೆಲಸದವನು. ನಿಮ್ಮ ಡಬ್ಬದ ಅಳತೆ ಎಷ್ಟು? ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ. ಎಷ್ಟೋ ಕೊರಿಯರುಗಳು ಆ ತೂಕ, ತಕ್ಕಡಿಯ ತೂಕ ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ಬಿಲ್ ಮಾಡ್ತವೆ. ಮೂರೂ ಅಳತೆ 20 ಸೆಂಟಿಮೀಟರ್ ಇರೋ ಡಬ್ಬ ಆದ್ರೆ 1.6 ಕೇಜಿ. ಬಾಟ್ಲಿ ಸಮೇತ ತೂಕ ಒಂದು ಕೇಜಿಯೊಳಗಿದ್ದರೂ ಎರಡು ಕೇಜಿ ದರ ಬಿದ್ದಿರಬಹುದು.

ಮಿಡಿಮನೆ_ಸಾಗರ

ಡಬ್ಬ ಸುಮಾರು ಅಷ್ಟೇ ಇದೆ ಅಣ್ಣ. ಒಡೆಯಬಾರದು ಅಂತ ದೊಡ್ಡದು ತಂದಿದ್ದು. ಬಿಲ್ಲಿನಲ್ಲಿ ತೂಕದ ಕಾಲಂ ನೋಡ್ತೇನೆ.

ಮೇಡಂ, ಹಾಗಾದ್ರೆ ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಲಾ? ಆರ್ಡರ್ ಅರ್ಧಕ್ಕರ್ಧ ಬಿದ್ದುಹೋಗುತ್ತೆ ಅಂತ ಹೆದರಿಕೆ.

ಲೆಕ್ಕದಕ್ಕ_ಶಿವಮೊಗ್ಗ

ಪೂರ್ತಿ ನಿಲ್ಲಿಸೋ ಮೊದಲು ಎರಡು ಬಾಟ್ಲಿ ಜೋಡಿ ಮಾಡಿ ಜಾಹೀರಾತು ಕೊಟ್ಟು ನೋಡಿ. 1,050ರಲ್ಲಿ ಜಿಎಸ್‌ಟಿ ಕಳೆದು 1,000. ಮಾಲು 380. ಪ್ಯಾಕಿಂಗ್ 35, ಕೊರಿಯರ್ 130, ವಸೂಲಿ 25 ಅಂತ ಹಿಡಿದ್ರೂ ಡೆಲಿವರಿ ಆದದ್ದಕ್ಕೆ 430 ಉಳಿಯುತ್ತೆ. ಒಂದೇ ಬಾಟ್ಲಿಗೆ ಉಳಿಯೋದು 175. ಗಿರಾಕಿಯನ್ನ ಹಿಡಿಯೋ ಖರ್ಚು ಸ್ವಲ್ಪ ಏರಬಹುದು, ಎರಡರಷ್ಟಾಗೋದು ಕಮ್ಮಿ. ಒಂದೇ ಬಾಟ್ಲಿ ಬೇಕು ಅನ್ನೋರಿಗೆ 100 ರೂಪಾಯಿ ಮುಂಗಡ ಯುಪಿಐ ಕೇಳಿ, ಬೇಡ ಅನ್ನೋರು ಅಲ್ಲೇ ಉದುರಿ ಹೋಗ್ತಾರೆ. ಆರ್ಡರ್ ಕಮ್ಮಿಯಾಗಿ ರೋಆಸ್ ಇಳಿದ ಹಾಗೆ ಕಾಣಬಹುದು. ಆಗ ಆ ಪರದೆ ಬಿಟ್ಟು ಕೊರಿಯರಿನವರು ಕಳಿಸೋ ವಸೂಲಿ ಪಟ್ಟಿ ತೆರೀರಿ. ದುಡ್ಡು ಬಂದ ಆರ್ಡರ್ ನಂಬರ್‌ಗಳನ್ನಷ್ಟೇ ಕೂಡಿ ಜಾಹೀರಾತಿನ ಖರ್ಚಿಗೆ ಹೋಲಿಸಿ. ವಾಪಸ್ ಬರೋಕೆ ಸಮಯ ಹಿಡಿಯುತ್ತೆ, ಹಾಗಾಗಿ ಈ ವಾರದ ಆರ್ಡರನ್ನ ಈ ವಾರವೇ ಅಳೆಯೋಕೆ ಹೋಗಬೇಡಿ.

ಶರಾವತಿ_ಡಿಜಿಟಲ್

ಮುಂಗಡ ಕೇಳಿದ್ರೆ ಹೊಸ ಬ್ರ್ಯಾಂಡನ್ನ ಯಾರೂ ನಂಬಲ್ಲ ಅನ್ನೋದು ನನ್ನ ಅನುಭವ. ಜೋಡಿ ಬಾಟ್ಲಿ ಮೊದಲು ಮಾಡಿ, ಮುಂಗಡ ಆಮೇಲೆ.

ಮಿಡಿಮನೆ_ಸಾಗರ

ಸರಿ, ಒಂದೇ ಬಾಟ್ಲಿಯ ಜಾಹೀರಾತು ಇವತ್ತೇ ನಿಲ್ಲಿಸಿದೆ. ಜೋಡಿಯದ್ದು ಸಣ್ಣ ಬಜೆಟ್‌ನಲ್ಲಿ ಶುರು ಮಾಡ್ತೇನೆ. ಮುಂಗಡದ ವಿಷಯ ಮನೆಯಲ್ಲಿ ಮಾತಾಡಬೇಕು. ವಸೂಲಿ ಪಟ್ಟಿ ಬಂದ ಮೇಲೆ ಇಲ್ಲೇ ಹಾಕ್ತೇನೆ. ಅಷ್ಟರೊಳಗೆ ಗಾಜು ಒಡೆಯದ ಹಾಗೆ ಸಣ್ಣ ಡಬ್ಬದಲ್ಲಿ ಎರಡು ಬಾಟ್ಲಿ ಕೂರಿಸೋದು ಹೇಗೆ ಅಂತ ಪಾರ್ಸೆಲ್ ಅಣ್ಣ ಹೇಳಿದ್ರೆ ಉಪಕಾರ ಆಗುತ್ತೆ.