ಕ್ಯಾಶ್ ಕ್ಲಿಯರ್ ಮಾಡಿದರೂ ಲಾಗಿನ್ ಆಗುತ್ತಿಲ್ಲ, ಕುಕೀಸ್ ಅಳಿಸಿದರೆ ಏನೇನು ಹೋಗುತ್ತೆ?

ಮಲ್ನಾಡ್‌ಮನೆ: ನಮಸ್ಕಾರ. ಮಗಳ ಸ್ಕಾಲರ್‌ಶಿಪ್ ಅರ್ಜಿಯ ಸೈಟ್ ನನ್ನ ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎರಡು ದಿನದಿಂದ ಸತಾಯಿಸುತ್ತಿದೆ. ಪಾಸ್‌ವರ್ಡ್, ಓಟಿಪಿ ಎಲ್ಲ ಸರಿಯಾಗಿ ಹಾಕಿದ ಮೇಲೆ `ERR_TOO_MANY_REDIRECTS` ಅಂತ ಬರುತ್ತೆ. ಕ್ಯಾಶ್ ಕ್ಲಿಯರ್ ಮಾಡಿದೆ. 400 ಎಂಬಿ ಜಾಗ ಖಾಲಿಯಾಯಿತೇ ಹೊರತು ಪುಟ ತೆರೆಯಲಿಲ್ಲ. ಕುಕೀಸ್ ಅಳಿಸೋಕೆ ಭಯ. ಬ್ಯಾಂಕಿನ ಪಾಸ್‌ವರ್ಡ್ ನನಗೆ ನೆನಪಿಲ್ಲ, ಕ್ರೋಮೇ ತುಂಬಿಕೊಡುತ್ತೆ.

ಫೋನ್‌ಹುಚ್ಚ: ಕ್ಯಾಶ್, ಕುಕೀಸ್ ಎರಡೂ ಹಳೇ ಕಸವೇ ಅಕ್ಕ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಕ್ರೋಮ್, ಸ್ಟೋರೇಜ್‌ಗೆ ಹೋಗಿ ಇರೋದನ್ನೆಲ್ಲ ಅಳಿಸಿಬಿಡಿ. ನನಗೆ ಎಷ್ಟೋ ಸಲ ಸರಿಹೋಗಿದೆ.

ಹಳೇಸರ್ವರ್: ಮೇಡಂ, ದಯವಿಟ್ಟು ಹಾಗೆ ಮಾಡಬೇಡಿ. ಸಮಸ್ಯೆ ಹೋಗಬಹುದು ನಿಜ. ಆದರೆ ಗೂಗಲ್ ಖಾತೆಗೆ ಸಿಂಕ್ ಆಗದ ಬುಕ್‌ಮಾರ್ಕ್‌ಗಳು, ತೆರೆದಿಟ್ಟ ಟ್ಯಾಬ್‌ಗಳು ಕೂಡ ಹೋಗುತ್ತವೆ. ಒಂದು ಸೈಟಿಗೋಸ್ಕರ ಅಷ್ಟೆಲ್ಲ ಯಾಕೆ?

ಮೊದಲು ಅದೇ ಸೈಟನ್ನು ಇನ್‌ಕಾಗ್ನಿಟೋ ಟ್ಯಾಬ್‌ನಲ್ಲಿ ತೆರೆದು ಲಾಗಿನ್ ಆಗಿ ನೋಡಿ. ಅಲ್ಲಿ ಹಳೆಯ ಕುಕೀಸ್ ಇರಲ್ಲ. ಅಲ್ಲಿ ತೆರೆದರೆ ತೊಂದರೆ ನಿಮ್ಮ ಫೋನಿನಲ್ಲೇ ಇದೆ ಅಂತ ಅರ್ಥ. ಅಲ್ಲೂ ಇದೇ ಎರರ್ ಬಂದರೆ ತಪ್ಪು ಬಹುತೇಕ ಸೈಟಿನದ್ದೇ, ನೀವು ಏನು ಅಳಿಸಿದರೂ ಪ್ರಯೋಜನ ಇಲ್ಲ.

ಮಲ್ನಾಡ್‌ಮನೆ: ಇನ್‌ಕಾಗ್ನಿಟೋದಲ್ಲಿ ತೆರೆಯಿತು ಸರ್!

ಹಳೇಸರ್ವರ್: ಹಾಗಾದರೆ ಕುಕಿಯದ್ದೇ ಇರಬೇಕು. ಕ್ಯಾಶ್ ಅಂದರೆ ಸೈಟಿನ ಚಿತ್ರ, ಬಣ್ಣ, ಅಕ್ಷರಗಳ ಪ್ರತಿ. ಪ್ರತಿ ಸಲ ಇಳಿಸಿಕೊಳ್ಳೋದು ಬೇಡ ಅಂತ ಫೋನ್ ಇಟ್ಟುಕೊಂಡಿರುತ್ತೆ. ಅದನ್ನು ಅಳಿಸಿದರೆ ಮುಂದಿನ ಸಲ ಪುಟ ಸ್ವಲ್ಪ ನಿಧಾನ ಬರುತ್ತೆ, ಡೇಟಾ ಸ್ವಲ್ಪ ಜಾಸ್ತಿ ಖರ್ಚಾಗುತ್ತೆ, ಅಷ್ಟೇ. ಲಾಗಿನ್‌ಗೆ ಏನೂ ಆಗಲ್ಲ.

ಕುಕಿ ಅಂದರೆ ಸೈಟ್ ನಿಮ್ಮ ಕೈಗೆ ಕೊಟ್ಟ ಚೀಟಿ. ಪ್ರತಿ ಪುಟಕ್ಕೂ ಫೋನ್ ಆ ಚೀಟಿ ತೋರಿಸುತ್ತೆ. ನಿಮ್ಮಲ್ಲಿ ಆಗಿರೋದು ಹೀಗಿರಬಹುದು. ಅರ್ಜಿಯ ಪುಟ ಚೀಟಿ ನೋಡಿ ‘ಇದು ಹಳೇದು, ಲಾಗಿನ್‌ಗೆ ಹೋಗಿ’ ಅನ್ನುತ್ತೆ. ಲಾಗಿನ್ ಪುಟ ತನ್ನ ಚೀಟಿ ನೋಡಿ ‘ನೀವು ಆಗಲೇ ಲಾಗಿನ್ ಆಗಿದ್ದೀರಿ, ಒಳಗೆ ಹೋಗಿ’ ಅಂತ ವಾಪಸ್ ಕಳಿಸುತ್ತೆ. ಹೀಗೆ 20 ಸಲ ಓಡಾಡಿದ ಮೇಲೆ ಕ್ರೋಮ್ ಕೈಚೆಲ್ಲಿ ಆ ಎರರ್ ತೋರಿಸುತ್ತೆ. ಈ ಚೀಟಿ ಕ್ಯಾಶ್‌ನಲ್ಲಿ ಇರಲ್ಲ. ಅದಕ್ಕೇ 400 ಎಂಬಿ ಅಳಿಸಿದರೂ ಏನೂ ಬದಲಾಗಲಿಲ್ಲ.

ಆ ಒಂದು ಸೈಟಿನ ಚೀಟಿ ಮಾತ್ರ ಅಳಿಸಿ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ, `Settings`, ಆಮೇಲೆ `Site settings`, ಅದರೊಳಗೆ `All sites`. ಅಲ್ಲಿ ಸೈಟಿನ ಹೆಸರು ಹುಡುಕಿ, ಅದನ್ನು ಒತ್ತಿ, ಡೇಟಾ ಅಳಿಸಿ. ಲಾಗಿನ್ ಪುಟದ ವಿಳಾಸ ಬೇರೆ ಇದ್ದರೆ ಅದನ್ನೂ ಹುಡುಕಿ ಅಳಿಸಬೇಕು. ಬ್ಯಾಂಕಿನ ಲಾಗಿನ್ ಹಾಗೇ ಇರುತ್ತೆ. ಸೇವ್ ಮಾಡಿದ ಪಾಸ್‌ವರ್ಡ್ ಕುಕೀಸ್ ಜೊತೆ ಹೋಗಲ್ಲ, ಅದರ ಲೆಕ್ಕವೇ ಬೇರೆ. ಒಂದು ಎಚ್ಚರ: ಅರ್ಧ ತುಂಬಿದ ಅರ್ಜಿಯನ್ನು ಕೆಲವು ಸೈಟ್‌ಗಳು ಫೋನಿನಲ್ಲೇ ಇಟ್ಟಿರುತ್ತವೆ. ಇದರ ಜೊತೆ ಅದೂ ಹೋಗುತ್ತೆ.

ಸಂಜೆಕಾಲೇಜು: ನನ್ನದೂ ಇದೇ ಕಥೆ. ಕಾಲೇಜಿನ ಸೈಟ್‌ನಲ್ಲಿ ಹಳೇ ವೇಳಾಪಟ್ಟಿಯೇ ಬರ್ತಿದೆ, ಗೆಳೆಯನ ಫೋನಲ್ಲಿ ಹೊಸದು. ಕುಕೀಸ್ ಅಳಿಸಿದೆ, ಎಲ್ಲ ಕಡೆ ಲಾಗೌಟ್ ಆಯ್ತು, ಪಟ್ಟಿ ಮಾತ್ರ ಹಳೇದೇ.

ಹಳೇಸರ್ವರ್: ನಿಮ್ಮದು ಇದರ ತಲೆಕೆಳಗು! ಹಳೇ ಪ್ರತಿ ತೋರಿಸೋದು ಕ್ಯಾಶ್. `Delete browsing data` ಒಳಗೆ `Cached images and files` ಒಂದಕ್ಕೇ ಟಿಕ್ ಹಾಕಿ. ಕಾಲಾವಧಿಯನ್ನು `All time` ಮಾಡೋದು ಮರೆಯಬೇಡಿ. `Last 15 minutes` ಅಂತ ಇದ್ದರೆ ಹೋದ ವಾರ ಇಳಿಸಿದ ಪಟ್ಟಿ ಅಲ್ಲೇ ಉಳಿಯುತ್ತೆ.

ಫೋನ್‌ಹುಚ್ಚ: ಎರಡೂ ಒಂದೇ ಅಂದುಕೊಂಡಿದ್ದೆ. ಹಾಗಾದ್ರೆ ಫೋನ್‌ನಲ್ಲಿ ಜಾಗ ಬೇಕು ಅಂದ್ರೆ ಕ್ಯಾಶ್ ಸಾಕು ಅಲ್ವಾ?

ಹಳೇಸರ್ವರ್: ಸಾಕು. ಆದರೆ ನಾಲ್ಕು ದಿನ ಬ್ರೌಸ್ ಮಾಡಿದರೆ ಮತ್ತೆ ತುಂಬುತ್ತೆ. ದಿನಾ ಅಳಿಸೋದು ಸುಮ್ನೆ ಡೇಟಾ ದಂಡ.

ಮಲ್ನಾಡ್‌ಮನೆ: ಎರಡು ವಿಳಾಸದ್ದೂ ಅಳಿಸಿದೆ, ಒಳಗೆ ಹೋಯಿತು! ಬ್ಯಾಂಕ್ ಹಾಗೇ ಇದೆ. ಅರ್ಜಿಯಲ್ಲಿ ಮೊದಲ ಪುಟ ಉಳಿದಿತ್ತು, ಎರಡನೆಯದನ್ನು ಮತ್ತೆ ತುಂಬಿದೆ.

ಮಲ್ನಾಡ್‌ಮನೆ (ಮೂರು ದಿನದ ನಂತರ): ಸರ್, ಇವತ್ತು ಬೆಳಿಗ್ಗೆ ಮತ್ತೆ ಅದೇ ಎರರ್. ಮತ್ತೆ ಅಳಿಸಿದರೆ ಸರಿಯಾಗುತ್ತೆ, ಆದರೆ ಯಾಕೆ ಮತ್ತೆ ಬಂತು?

ಹಳೇಸರ್ವರ್: ನೀವು ಸೈಟ್ ತೆರೆಯೋದು ಬುಕ್‌ಮಾರ್ಕ್‌ನಿಂದಲೋ, ವಿಳಾಸ ಟೈಪ್ ಮಾಡಿಯೋ? ಲಾಗಿನ್ ಪುಟವನ್ನೇ ಬುಕ್‌ಮಾರ್ಕ್ ಮಾಡಿದ್ದರೆ ಹೀಗೆ ಆಗೋದುಂಟು. ಸೈಟೇ ತಪ್ಪು ಚೀಟಿ ಕೊಡುತ್ತಿದ್ದರೂ ಆಗಬಹುದು. ಒಂದು ವಾರ ಮುಖಪುಟದ ವಿಳಾಸ ಟೈಪ್ ಮಾಡಿಯೇ ಹೋಗಿ, ಏನಾಯಿತು ಅಂತ ಇಲ್ಲೇ ಬರೆಯಿರಿ.