ಓಟಿಜಿಯಲ್ಲಿ ಪೆನ್ ಡ್ರೈವ್ ಲೈಟ್ ಉರಿಯುತ್ತೆ, ಫೋನಲ್ಲಿ ಮಾತ್ರ ಏನೂ ಕಾಣಲ್ಲ

ನವೀನ್: 64 ಜಿಬಿ ಪೆನ್ ಡ್ರೈವಲ್ಲಿ ಅಕ್ಕನ ಮದುವೆ ವಿಡಿಯೋ ಇದೆ, ಒಂದೊಂದು ಫೈಲೂ 6 ಜಿಬಿ. ಟೈಪ್ ಸಿ ಓಟಿಜಿ ಹಾಕಿ ಫೋನಿಗೆ ಚುಚ್ಚಿದರೆ ಲೈಟ್ ಬರುತ್ತೆ, ಫೈಲ್ ಮ್ಯಾನೇಜರಲ್ಲಿ ಡ್ರೈವೇ ಇಲ್ಲ. ಲ್ಯಾಪ್‌ಟಾಪಲ್ಲಿ ಚೆನ್ನಾಗಿ ಓಪನ್ ಆಗುತ್ತೆ. ಅಡಾಪ್ಟರ್ ಹೋಗಿದೆಯಾ?

ಬಸವರಾಜ್: ಪವರ್ ಸಾಲ್ತಿಲ್ಲ ಅಷ್ಟೇ. ನನ್ನ ಹಾರ್ಡ್ ಡಿಸ್ಕೂ ಹೀಗೇ, ಫೋನಿಗೆ ಹಾಕಿದರೆ ಟಿಕ್ ಟಿಕ್ ಅಂತ ಸದ್ದು ಮಾಡಿ ನಿಂತುಬಿಡುತ್ತೆ. ಚಾರ್ಜರ್ ಇರೋ ಹಬ್ ತಗೊಳ್ಳಿ.

ರೇಖಾ: ಬಸವರಾಜ್ ಸರ್, ತಿರುಗುವ ಡಿಸ್ಕಿಗೆ ಅದು ಸರಿ, ಅದನ್ನು ತಿರುಗಿಸುವಷ್ಟು ಕರೆಂಟ್ ಎಷ್ಟೋ ಫೋನ್ ಕೊಡಲ್ಲ. ಪೆನ್ ಡ್ರೈವಿಗೆ ಅಷ್ಟು ಬೇಕಾಗಲ್ಲ. ಪವರ್ ಕಡಿಮೆ ಆದರೆ ಸಾಮಾನ್ಯವಾಗಿ ಡ್ರೈವ್ ಬಂದು ಬಂದು ಹೋಗುತ್ತೆ, ಲೈಟೂ ಆರಿ ಹತ್ತುತ್ತೆ. ನವೀನ್, ಮೊದಲು ಅದೇ ಅಡಾಪ್ಟರಿಗೆ ಒಂದು ಮೌಸ್ ಹಾಕಿ ನೋಡಿ. ಸ್ಕ್ರೀನಲ್ಲಿ ಬಾಣ ಬಂದರೆ ಅಡಾಪ್ಟರೂ ಸರಿ, ಓಟಿಜಿಯೂ ಆನ್ ಇದೆ. ಬರದಿದ್ದರೆ ಸೆಟ್ಟಿಂಗ್ಸಲ್ಲಿ OTG ಅಂತ ಹುಡುಕಿ, ಕೆಲವು ಫೋನಲ್ಲಿ ಅದನ್ನು ನಾವೇ ಆನ್ ಮಾಡಬೇಕು, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ತಾನೇ ಆಫ್ ಆಗುತ್ತೆ.

ಇಮ್ರಾನ್: ಓಟಿಜಿ ಹಾಕಿಕೊಂಡೇ ಫೋನ್ ಚಾರ್ಜ್ ಮಾಡಬಹುದಾ? ನನ್ನದರಲ್ಲಿ ಆಗ್ತಿಲ್ಲ.

ನವೀನ್: ಮೌಸ್ ಬಂತು ಮೇಡಂ. ಹಳೇ 16 ಜಿಬಿ ಡ್ರೈವೂ ಬಂತು. 64 ಹಾಕಿದಾಗ ಮಾತ್ರ ಮೇಲೆ ಏನೋ Unsupported ಅಂತ ಬರುತ್ತೆ, ಒತ್ತಿದರೆ Format ಕೇಳುತ್ತೆ. ಒತ್ತಲಾ?

ರೇಖಾ: ಬೇಡ ಬೇಡ, ಒತ್ತಿದರೆ ಮದುವೆ ವಿಡಿಯೋ ಪೂರ್ತಿ ಅಳಿಸಿಹೋಗುತ್ತೆ! ಡ್ರೈವ್ ಇರೋದು ಫೋನಿಗೆ ಗೊತ್ತಾಗಿದೆ, ಒಳಗಿನದನ್ನು ಓದೋಕೆ ಬರ್ತಿಲ್ಲ ಅಷ್ಟೇ. ಲ್ಯಾಪ್‌ಟಾಪಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ Properties ನೋಡಿ, File system ಮುಂದೆ ಏನಿದೆ?

ನವೀನ್: NTFS. ವಿಡಿಯೋದವರು ಹಾಗೇ ಕೊಟ್ಟರು.

ರೇಖಾ: ಅದೇ ಕಾರಣ. FAT32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸಲ್ಲ, ಅದಕ್ಕೇ NTFS ಮಾಡಿರಬೇಕು. ಅದನ್ನು ಎಷ್ಟೋ ಆಂಡ್ರಾಯ್ಡ್ ಫೋನ್ ಓದಲ್ಲ. ಮೊದಲು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಕಾಪಿ ಮಾಡಿ, ಒಂದೆರಡು ವಿಡಿಯೋ ಅಲ್ಲೇ ಪ್ಲೇ ಮಾಡಿ ನೋಡಿ. ಆಮೇಲೆ ಡ್ರೈವನ್ನು exFAT ಆಗಿ ಫಾರ್ಮ್ಯಾಟ್ ಮಾಡಿ ವಾಪಸ್ ಹಾಕಿ. 6 ಜಿಬಿ ಫೈಲೂ ಹಿಡಿಸುತ್ತೆ, ಈಚಿನ ಫೋನುಗಳಲ್ಲಿ ಹೆಚ್ಚಿನವು ಓದುತ್ತವೆ. ತೆಗೆಯುವಾಗ Eject ಒತ್ತಿಯೇ ತೆಗೆಯಿರಿ, ಹಾಗೇ ಕಿತ್ತರೆ exFAT ಬೇಗ ಕೆಡುತ್ತೆ.

ಇಮ್ರಾನ್, ಮಾಮೂಲಿ ಓಟಿಜಿಯಲ್ಲಿ ಫೋನೇ ಕರೆಂಟ್ ಕೊಡುತ್ತೆ, ಅದೇ ದಾರಿಯಲ್ಲಿ ತಗೊಳ್ಳೋಕಾಗಲ್ಲ. ಚಾರ್ಜಿಂಗ್ ಕಿಂಡಿ ಬೇರೆ ಇರುವ ಹಬ್ ಬೇಕು. ಅದೂ ಎಲ್ಲ ಫೋನಿಗೆ ಹೊಂದಲ್ಲ.

ನವೀನ್: exFAT ಮಾಡಿದೆ, ಬಂತು! ಅಮ್ಮ ಫೋನಲ್ಲೇ ಮುಹೂರ್ತ ನೋಡ್ತಾ ಇದ್ದಾರೆ. ಆದರೆ ದೊಡ್ಡ ಫೈಲ್ ಫೋನಿಗೆ ಕಾಪಿ ಮಾಡೋವಾಗ ಅರ್ಧದಲ್ಲೇ ಡ್ರೈವ್ ಹೋಗುತ್ತೆ.

ಬಸವರಾಜ್: ಈಗ ಪವರೇ ಇರಬೇಕು ಅಲ್ವಾ?

ರೇಖಾ: ಇರಬಹುದು, ಕಾಪಿ ಮಾಡೋವಾಗ ಡ್ರೈವ್ ಜಾಸ್ತಿ ಎಳೆಯುತ್ತೆ. ಬ್ಯಾಟರಿ ಫುಲ್ ಮಾಡಿಕೊಂಡು, ಫೋನಿನ ಕವರ್ ತೆಗೆದು ನೋಡಿ. ಕವರ್ ದಪ್ಪ ಇದ್ದರೆ ಪಿನ್ ಪೂರ್ತಿ ಕೂರಲ್ಲ, ಸ್ವಲ್ಪ ಅಲುಗಿದರೂ ಕಟ್ ಆಗುತ್ತೆ.

ನವೀನ್: ಕವರ್ ತೆಗೆದರೂ ಒಮ್ಮೆ ಹೋಯಿತು. ನಾಳೆ ಗೆಳೆಯನ ಅಡಾಪ್ಟರ್ ಹಾಕಿ ನೋಡಿ ಹೇಳ್ತೀನಿ.